ಮೂರನೇ ಖಾನೆಯ ವಿಭೂತಿ

ನಮ್ಮ ಮನೆಯಲ್ಲಿ ಬೆಳ್ಳಿಯನ್ನು ವಿಭೂತಿಯಿಂದ ಬೆಳಗುತ್ತೇವೆ. ಕೊರಳಲ್ಲಿ ಕಟ್ಟಿಕೊಳ್ಳುವ ಲಿಂಗದ ಕರಡಿಗೆ ಬೆವರಿಗೆ ಕಪ್ಪಾಗುತ್ತದೆ. ವಿಭೂತಿ ಗಟ್ಟಿಯನ್ನು ಬೆರಳಲ್ಲಿ ಪುಡಿ ಮಾಡಿಕೊಂಡು, ಒಣಬಟ್ಟೆಯಿಂದ ತಿಕ್ಕಿದರೆ ಮತ್ತೆ ಅಂಗಡಿಯಿಂದ ತಂದ ಹಾಗೆ ಹೊಳೆಯುತ್ತದೆ. ಇದನ್ನು ಕಲಿಸಿದವರು ಅಪ್ಪ. ಏಳನೇ ತರಗತಿಗೆ ಶಾಲೆ ಬಿಟ್ಟ ನನಗೆ ಗೊತ್ತಿರುವ ವಿದ್ಯೆಗಳಲ್ಲಿ ಅದೂ ಒಂದು. ಆ ವಿದ್ಯೆಯನ್ನು ಉಪಯೋಗಿಸಬಾರದ ಕಡೆ ಉಪಯೋಗಿಸಿದ್ದಕ್ಕೆ ಯಾರೂ ನನ್ನನ್ನು ಬೈಯುತ್ತಿರಲಿಲ್ಲ. ಆಮೇಲೆ ನಾನು ಬಾಯಿ ಮುಚ್ಚಿಕೊಂಡಿದ್ದೆನಲ್ಲ, ಅದಕ್ಕೆ ಈಗಲೂ ತಂಗಿಯ ಮುಖವನ್ನು ನೇರವಾಗಿ ನೋಡಲು ಆಗುವುದಿಲ್ಲ.

ನಾವಿಬ್ಬರೂ ಕೆಲಸ ಮಾಡುವುದು ಕೊಟ್ಟೂರಿನ ಒಂದೇ ಆಫೀಸಿನಲ್ಲಿ. ಮೊದಲು ಟಿವಿ ಕೇಬಲ್ ಕೊಡುತ್ತಿದ್ದ ಮಾಲೀಕರು ಈಗ ಮನೆಮನೆಗೆ ಇಂಟರ್ನೆಟ್ ಕೊಡುತ್ತಾರೆ. ನಾನು ಏಣಿ ಹಾಕಿಕೊಂಡು ಕಂಬ ಹತ್ತುವವನು, ತಂತಿ ಎಳೆಯುವವನು. ತಂಗಿ ಡಿಪ್ಲೊಮಾ ಓದಿದವಳು. ಆಫೀಸಿನ ಹಿಂದಿನ ಕೋಣೆಯಲ್ಲಿರುವ ಸರ್ವರ್ ಅವಳ ಜವಾಬ್ದಾರಿ. ಕೂಡ್ಲಿಗಿಯ ಅಂಗಡಿಯಾಗಲಿ, ಹಡಗಲಿಯ ಮನೆಯಾಗಲಿ, ನಮ್ಮ ಗಿರಾಕಿ ಯಾರೇ ಮೊಬೈಲಿನಲ್ಲಿ ಏನು ನೋಡಿದರೂ ಅದು ಆ ಯಂತ್ರದ ಮೂಲಕವೇ ಹಾಯ್ದು ಹೋಗಬೇಕು. ಅದು ನಿಂತರೆ ಎಲ್ಲವೂ ನಿಂತಂತೆ.

ಯಂತ್ರಕ್ಕೆ ಕೆಲಸ ಜಾಸ್ತಿಯಾಗಿ ಮೆಮೊರಿ ಸಾಲದಾಯಿತು. ತಂಗಿಯ ಜೊತೆ ಓದಿದ ಗೆಳತಿಯೊಬ್ಬಳು ಹಗರಿಬೊಮ್ಮನಹಳ್ಳಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾಳೆ. ಹಾಸ್ಟೆಲಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡವರು ಅವರು. ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳು ಕ್ಲಾಸಿಗೆ ಹೋಗುತ್ತಿರಲಿಲ್ಲವಂತೆ. ಬಳಸಿದ ಮಾಲಾದರೂ ಪರೀಕ್ಷೆ ಮಾಡದೆ ಗೆಳತಿ ಕೊಡುವುದಿಲ್ಲ ಎಂದು ತಂಗಿ ಮಾಲೀಕರಿಗೆ ಮಾತು ಕೊಟ್ಟು, ಅವಳಿಂದ ಒಂದು ಮೆಮೊರಿ ಪಟ್ಟಿ ತರಿಸಿದಳು.

ಅದನ್ನು ಹಾಕಿದ್ದು ಆಯುಧ ಪೂಜೆಯ ದಿನ. ಹೇಗೂ ಎಲ್ಲವನ್ನೂ ಒರೆಸಿ ಪೂಜೆ ಮಾಡಬೇಕು, ಯಂತ್ರವನ್ನು ಸ್ವಲ್ಪ ಹೊತ್ತು ನಿಲ್ಲಿಸಿದರೂ ಯಾರಿಗೂ ಬೇಜಾರಾಗುವುದಿಲ್ಲ ಎಂದು ಅವಳ ಲೆಕ್ಕ. ಹೊರಗೆ ನಮ್ಮ ಹುಡುಗರು ಏಣಿಗಳಿಗೆ ಅರಿಶಿನ ಹಚ್ಚುತ್ತಿದ್ದರು, ಬೈಕುಗಳಿಗೆ ಚೆಂಡು ಹೂವು ಕಟ್ಟುತ್ತಿದ್ದರು. ಒಳಗೆ ತಂಗಿ ಸರ್ವರಿನ ಮುಚ್ಚಳ ತೆಗೆದು, ಧೂಳು ಊದಿ, ಪಟ್ಟಿಯನ್ನು ಅದರ ಕವರಿನಿಂದ ಬಿಚ್ಚಿ ಮೇಜಿನ ಮೇಲೆ ಇಟ್ಟಿದ್ದಳು. ಅಷ್ಟರಲ್ಲಿ ಮಾಲೀಕರು ಹೊರಗಿನಿಂದ ಅವಳನ್ನು ಕೂಗಿದರು. ಹೋಗುತ್ತಾ ನನಗೆ ಹೇಳಿದಳು.

‘ಅಣ್ಣಾ, ಇಲ್ಲೇ ನಿಂತಿರು. ಆ ಹುಡುಗ್ರು ಅರಿಶಿನ ಕುಂಕುಮ ಹಿಡ್ಕೊಂಡು ಒಳಗ ಬಂದ್ರ ಓಡ್ಸು. ಮಶೀನಿಗೆ ಬಟ್ಟು ಗಿಟ್ಟು ಇಟ್ಟಾರು. ನೀನೂ ಏನೂ ಮುಟ್ಟಬ್ಯಾಡ.’

‘ನಾನ್ಯಾಕ ಮುಟ್ಲಿ ಮಾರಾಯ್ತಿ, ನಡಿ’ ಎಂದೆ.

ಎರಡು ಬೆರಳುಗಳನ್ನು ಉದ್ದಕ್ಕೆ ಜೋಡಿಸಿದಷ್ಟು ಉದ್ದದ ಹಸಿರು ತುಂಡು ಅದು. ಅದರ ಒಂದು ಅಂಚಿಗೆ ಬಾಚಣಿಗೆಯ ಹಲ್ಲಿನ ಹಾಗೆ ಸಾಲಾಗಿ ಬಂಗಾರದ ಬಣ್ಣದ ಗೆರೆಗಳು. ಆ ಗೆರೆಗಳು ಮಾಸಿದ್ದವು. ಅವಳ ಗೆಳತಿ ಬಳಸಿದ ಮಾಲು ಕಳಿಸಿದ್ದಾಳೆ, ಹಬ್ಬದ ದಿನ ಹೀಗೆ ಮಂಕಾದದ್ದನ್ನು ಹಾಕುವುದೇ ಅನ್ನಿಸಿತು. ಪೂಜೆ ತಟ್ಟೆ ಪಕ್ಕದಲ್ಲೇ ಇತ್ತು. ವಿಭೂತಿ ಗಟ್ಟಿ ತೆಗೆದುಕೊಂಡೆ, ಕರಡಿಗೆ ತಿಕ್ಕುವ ಹಾಗೆ ತಿಕ್ಕಿದೆ, ಪಂಚೆಯ ಚುಂಗಿನಿಂದ ಚೆನ್ನಾಗಿ ಒರೆಸಿದೆ. ಮಿರಮಿರ ಮಿಂಚಿತು. ಇದ್ದಲ್ಲೇ ಇಟ್ಟು ಬಾಗಿಲಿಗೆ ಹೋಗಿ ನಿಂತೆ. ತಂಗಿ ಬಂದು ಅವಸರದಲ್ಲಿ ಅದನ್ನು ಮೂರನೇ ಖಾನೆಯಲ್ಲಿ ಒತ್ತಿ ಕೂರಿಸಿ ಮುಚ್ಚಳ ಹಾಕಿದಳು. ಯಂತ್ರ ಶುರುವಾಯಿತು. ಅವತ್ತು ಮಧ್ಯಾಹ್ನ ಹೋಳಿಗೆ ಉಣ್ಣುವಾಗ ನನಗೆ ಒಳ್ಳೆಯ ಕೆಲಸ ಮಾಡಿದ ಸಂತೋಷವೇ ಇತ್ತು.

ದೀಪಾವಳಿ ಹೊತ್ತಿಗೆ ಸರ್ವರ್ ತಾನಾಗಿಯೇ ಬೀಳತೊಡಗಿತು. ಇಂಥದೇ ಹೊತ್ತು ಎಂದಿಲ್ಲ. ಒಂದು ದಿನ ಬೆಳಗಿನ ಜಾವ, ಎರಡು ದಿನ ಸುಮ್ಮನಿದ್ದು ಊಟದ ಹೊತ್ತು, ಆಮೇಲೆ ಸಂಜೆ ಮಕ್ಕಳು ಪಾಠ ನೋಡುವಾಗ. ಸ್ವಲ್ಪ ಹೊತ್ತು ಸತ್ತಂತಿದ್ದು ತಾನೇ ಎದ್ದು ಕೆಲಸ ಶುರು ಮಾಡುತ್ತಿತ್ತು. ಅಷ್ಟರಲ್ಲಿ ಆಫೀಸಿನ ಫೋನು ಒಂದೇ ಸಮ ಬಡಿದುಕೊಳ್ಳುತ್ತಿತ್ತು. ಒಬ್ಬ ಹಾರ್ಡ್‌ವೇರ್ ಅಂಗಡಿಯವನು, ‘ಏನ್ರೀ, ನಿಮ್ಮ ನೆಟ್ಟು ನಮ್ಮ ಮಾವನಂಗ ಆಗ್ಯದಲ್ಲ, ಯಾವಾಗ ಸಿಟ್ಟಾಗ್ತದ, ಯಾವಾಗ ನಗ್ತದ ಗೊತ್ತಾಗಂಗಿಲ್ಲ’ ಅಂದ. ನಾನೂ ನಕ್ಕಿದ್ದೆ.

ಕರೆಂಟಿನ ತೊಂದರೆ ಎಂದು ಎಲ್ಲರೂ ಹೇಳಿದೆವು. ತಂಗಿ ಒಪ್ಪಲಿಲ್ಲ. ಪಕ್ಕದ ಪೆಟ್ಟಿಗೆಗಳೂ ಅದೇ ಯುಪಿಎಸ್ಸಿನಿಂದ ನಡೆಯುತ್ತವೆ, ಅವು ಒಂದು ಸಲವೂ ಆರಿಲ್ಲ ಎಂದಳು. ಆಮೇಲೆ ಅವಳು ಸರ್ವರ್ ಬರೆದಿಡುವ ಲಾಗ್ ತೆಗೆದು ಕೂತಳು. ಯಂತ್ರ ತಾನು ಏನೇನು ಮಾಡಿದೆ ಎಂದು ಹೊತ್ತು ಸಮೇತ ಬರೆದುಕೊಳ್ಳುತ್ತದಂತೆ. ನಾನು ಚಹಾ ಕೊಡಲು ಹೋದಾಗ ತೋರಿಸಿದಳು. ಸರಿಯಾಗಿ ಆಫ್ ಮಾಡಿದರೆ ಒಂದೊಂದೇ ಕೆಲಸ ನಿಲ್ಲಿಸಿದ ಸಾಲುಗಳು ಇರಬೇಕು. ಇಲ್ಲಿ ಹಾಗಿರಲಿಲ್ಲ. ಬರಹ ನಡುವೆಯೇ ಕಡಿದಿತ್ತು, ಅದರ ಕೆಳಗೆ ನೇರವಾಗಿ ಹೊಸದಾಗಿ ಎದ್ದ ಸಾಲು.

‘ಮಾತಾಡ್ತಾ ಮಾತಾಡ್ತಾ ಮೂರ್ಛೆ ಹೋದಂಗ ಐತಿ ನೋಡಣ್ಣಾ’ ಎಂದಳು.

‘ಮತ್ತ ಎಬ್ಬಿಸೋರ್ ಯಾರು?’

ಆಗ ಅವಳು ವಾಚ್‌ಡಾಗ್ ಬಗ್ಗೆ ಹೇಳಿದಳು. ಕುರಿ ಹಟ್ಟಿಯಲ್ಲಿ ಎಚ್ಚರ ಇರುವವನು ಆಗಾಗ ಕೂಗು ಹಾಕುತ್ತಾನಲ್ಲ, ಕೂಗು ಕೇಳದಿದ್ದರೆ ಇನ್ನೊಬ್ಬ ಎದ್ದು ಹೋಗಿ ಅವನನ್ನು ಅಲ್ಲಾಡಿಸುತ್ತಾನಲ್ಲ, ಹಾಗೆ. ಯಂತ್ರದೊಳಗೆ ಒಂದು ಪುಟ್ಟ ಟೈಮರ್ ಇದೆ. ಅದು ಸದಾ ಹಿಂದಕ್ಕೆ ಎಣಿಸುತ್ತಿರುತ್ತದೆ. ಸರ್ವರ್ ಚೆನ್ನಾಗಿರುವವರೆಗೆ ಆಗಾಗ ‘ಇದೀನಿ’ ಎಂದು ತಿಳಿಸಿ ಎಣಿಕೆಯನ್ನು ಮೊದಲಿನಿಂದ ಶುರು ಮಾಡಿಸುತ್ತದೆ. ಸರ್ವರ್ ಹ್ಯಾಂಗ್ ಆಗಿ ಹೆಪ್ಪುಗಟ್ಟಿದರೆ ತಿಳಿಸುವವರಿಲ್ಲ, ಎಣಿಕೆ ಮುಗಿಯುತ್ತದೆ, ಟೈಮರ್ ಯಂತ್ರವನ್ನು ಬಲವಂತವಾಗಿ ರೀಸ್ಟಾರ್ಟ್ ಮಾಡುತ್ತದೆ. ಯಂತ್ರದ ಮುಖ್ಯ ಹಲಗೆಯಾದ ಮದರ್‌ಬೋರ್ಡಿನ ಮೇಲೆ ಬೇರೆಯೇ ಒಂದು ಚಿಕ್ಕ ಕಂಪ್ಯೂಟರ್ ಇದ್ದು, ಅದು ತನ್ನದೇ ಲಾಗ್ ಇಟ್ಟುಕೊಳ್ಳುತ್ತದೆ. ಯಂತ್ರ ಹಳೆಯದಾದ್ದರಿಂದ ಅದು ಕಾರಣ ಹೇಳುತ್ತಿರಲಿಲ್ಲ. ಪ್ರತಿ ಸಲವೂ ವಾಚ್‌ಡಾಗ್ ಎಬ್ಬಿಸಿತು ಎಂದಷ್ಟೇ ಹೇಳುತ್ತಿತ್ತು. ಕರೆಂಟು ಹೋಗಿಲ್ಲ, ಯಾರೂ ಬಟನ್ ಒತ್ತಿಲ್ಲ, ಯಂತ್ರವೇ ಹೆಪ್ಪುಗಟ್ಟುತ್ತಿದೆ ಎಂದು ಅದರಿಂದ ಅವಳಿಗೆ ಖಾತ್ರಿಯಾಯಿತು. ಯಾಕೆ ಎಂಬುದು ಉಳಿಯಿತು.

ಬಿಸಿಯೇ? ಅಲ್ಲ. ಕೆಲಸದ ಒತ್ತಡವೇ? ಅಲ್ಲ, ಯಾರೂ ಬಳಸದ ಜಾವದಲ್ಲೂ ಬಿದ್ದಿತ್ತು. ಕೊನೆಗೆ ಅವಳು ಮೆಮೊರಿಯ ತಪ್ಪುಗಳ ಎಣಿಕೆಗೆ ಬಂದಳು. ಸರ್ವರಿನ ಮೆಮೊರಿಯಲ್ಲಿ ಒಂದು ಅಕ್ಷರದಷ್ಟು ತಪ್ಪಾದರೆ ಯಂತ್ರ ತಾನೇ ತಿದ್ದಿಕೊಂಡು, ತಿದ್ದಿದೆ ಎಂದು ಎಣಿಸಿಕೊಳ್ಳುತ್ತದೆ. ಒಂದೇ ಕಡೆ ಎರಡು ತಪ್ಪು ಒಟ್ಟಿಗೆ ಬಂದರೆ ತಿದ್ದಲು ಆಗುವುದಿಲ್ಲ, ತಪ್ಪು ಲೆಕ್ಕ ಮಾಡುವುದಕ್ಕಿಂತ ನಿಂತುಬಿಡುವುದೇ ಮೇಲು ಎಂದು ನಿಂತುಬಿಡುತ್ತದೆ. ಯಂತ್ರ ಬಿದ್ದು ಎದ್ದ ಮೇಲೆ ಅವಳು ಎಣಿಕೆ ನೋಡಿದಾಗಲೆಲ್ಲ ಸೊನ್ನೆಯೇ ಇತ್ತು. ಎದ್ದಾಗ ಎಣಿಕೆ ಹೊಸದಾಗಿ ಶುರುವಾಗುತ್ತದೆ ಎಂದು ಹೊಳೆದದ್ದು ಆಮೇಲೆ. ಯಂತ್ರ ಬದುಕಿರುವಾಗಲೇ ಆಗಾಗ ಎಣಿಕೆಯನ್ನು ಬೇರೆ ಕಂಪ್ಯೂಟರಿಗೆ ಕಳಿಸುವ ಹಾಗೆ ಮಾಡಿದಳು.

ಮಾರನೇ ದಿನ ನಾನು ಕಂಬದಿಂದ ಇಳಿದು ಬಂದಾಗ ಅವಳು ಪರದೆಯ ಮುಂದೆ ಸಪ್ಪೆಯಾಗಿ ಕೂತಿದ್ದಳು.

‘ಸಿಕ್ತಣ್ಣಾ. ಬ್ಯಾರೆ ಖಾನೆ ಎಲ್ಲಾ ಸೊನ್ನಿ. ಮೂರನೇ ಖಾನ್ಯಾಗ ಏರಾಕತ್ತೈತಿ, ಏರಾಕತ್ತೈತಿ, ಆಮ್ಯಾಲ ದಬಕ್ ಅಂತ ಬಿದ್ದೈತಿ.’

‘ಮೂರನೇದು ಅಂದ್ರ?’

‘ಹಬ್ಬದ ದಿನ ಹಾಕಿದ್ದು. ಆಕಿ ಕೊಟ್ಟಿದ್ದು.’

ಆ ಹಲ್ಲುಗಳು, ಆ ಬಿಳಿ ಪುಡಿ, ನನ್ನ ಪಂಚೆಯ ಚುಂಗು, ಎಲ್ಲವೂ ಕಣ್ಣ ಮುಂದೆ ಬಂದವು. ಆಗಲೇ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಮಾಲೀಕರು ಒಳಗೆ ಬಂದರು. ವಿಷಯ ಕೇಳಿ ಬಾಗಿಲಿಗೆ ಒರಗಿ ನಿಂತರು.

‘ಹಲ್ಲು ಹಿಡಿದು ನೋಡ್ಲಾರದ ಸಂತ್ಯಾಗ ಕುರಿ ತಂದಂಗಾತಲ್ಲವ್ವಾ. ಗೆಳತಿ ಅಂತ ತಂದಿ. ಆಕಿ ನಿನಗ ಟೋಪಿ ಹಾಕ್ಯಾಳ. ದಾವಣಗೆರೆ ಕಂಪನಿಯವ್ರಿಗೆ ಈ ಮಶೀನ್ ನೋಡ್ಕೊಳ್ಳೋ ಕೆಲ್ಸ ಕೊಟ್ಟು ಕೈ ತೊಳ್ಕೊತೀನಿ, ಏನಂತಿ?’

ಹಲ್ಲು ಎಂಬ ಮಾತು ಕೇಳಿ ನನ್ನ ಬಾಯಿ ಮುಚ್ಚಿತು. ಹೇಳಿದರೆ ನನ್ನನ್ನು ಹುಡುಗರ ಮುಂದೆ ಆಡಿಕೊಳ್ಳುತ್ತಾರೆ, ‘ಮಶೀನಿಗೆ ಲಿಂಗಪೂಜಿ ಮಾಡ್ಯಾನ’ ಎಂದು ವರ್ಷಗಟ್ಟಲೆ ನಗುತ್ತಾರೆ ಎಂಬ ಅಂಜಿಕೆ. ಅಷ್ಟೇ ಕಾರಣ. ಅದಕ್ಕಿಂತ ದೊಡ್ಡ ಕಾರಣವಿದ್ದಿದ್ದರೆ ಇವತ್ತು ನನಗೆ ಸ್ವಲ್ಪ ಸಮಾಧಾನವಿರುತ್ತಿತ್ತು.

ತಂಗಿ ಮಾಲೀಕರ ಎದುರೇ ಗೆಳತಿಗೆ ಫೋನು ಮಾಡಿದಳು. ಆ ಕಡೆಯಿಂದ ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ಈ ಕಡೆಯದು ಕೇಳಿಸಿತು. ‘ಟೆಸ್ಟ್ ಮಾಡೀನಿ ಅಂತ ಸುಳ್ಳ್ಯಾಕ ಹೇಳ್ತಿ? ಎಣಿಕಿ ನನ್ನ ಕಣ್ಮುಂದ ಐತಿ. ಕೆಟ್ಟ ಮಾಲು ದಾಟ್ಸಾಕ ನಾನೇ ಸಿಕ್ಕಿದ್ನೇನ್ ನಿನಗ?’ ಎಂದು ಕೂಗಿ ಫೋನಿಟ್ಟು, ಮುಖ ತೊಳೆಯಲು ಹಿತ್ತಲಿಗೆ ಹೋದಳು. ಬಹಳ ಹೊತ್ತು ಮುಖ ತೊಳೆದಳು.

ಪಟ್ಟಿಯನ್ನು ವಾಪಸು ಕೊಟ್ಟು ಬರಲು ಕಳಿಸಿದ್ದು ನನ್ನನ್ನೇ. ಬಸ್ಸಿನಲ್ಲಿ ಅದನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಪಕ್ಕದಲ್ಲೇ ಅಂಗಿಯ ಒಳಗೆ ಕರಡಿಗೆ. ಹಗರಿಬೊಮ್ಮನಹಳ್ಳಿ ಬರುವವರೆಗೆ, ಗೆಳತಿಗಾದರೂ ನಿಜ ಹೇಳಿಬಿಡುತ್ತೇನೆ, ಅವಳೇ ತಂಗಿಗೆ ಹೇಳಲಿ ಎಂದು ಮಾತು ಜೋಡಿಸಿಕೊಂಡೆ.

ಅಂಗಡಿಯಲ್ಲಿ ಅವಳೊಬ್ಬಳೇ ಇದ್ದಳು. ‘ಬರ್ರಿ ಅಣ್ಣಾ’ ಎಂದು ಕುರ್ಚಿ ಹಾಕಿ, ನೀರು ಕೊಟ್ಟಳು. ಅತ್ತು ಅತ್ತು ಅವಳ ಕಣ್ಣು ಕೆಂಪಾಗಿದ್ದವು. ಪಟ್ಟಿ ತೆಗೆದುಕೊಂಡು, ಪರೀಕ್ಷೆಗೆ ಹಾಕುವ ಮುಂಚೆ ಬಿಳಿ ರಬ್ಬರಿನಿಂದ ಅದರ ಹಲ್ಲುಗಳನ್ನು ಮೆಲ್ಲಗೆ ಉಜ್ಜಿದಳು. ಆಮೇಲೆ ದೀಪದ ಕೆಳಗೆ ಹಿಡಿದು, ಸೂಜಿಯಂಥ ಬ್ರಷ್ಷಿನಿಂದ ಗೆರೆಗಳ ನಡುವೆ ಕೆದಕಿದಳು. ಕಪ್ಪು ಮೇಜಿನ ಮೇಲೆ ಬೂದು ಬಿಳಿ ಪುಡಿ ಉದುರಿತು. ಅದನ್ನು ಬೆರಳ ತುದಿಗೆ ಹತ್ತಿಸಿಕೊಂಡು ಮೂಸಿದಳು.

‘ಅಣ್ಣಾ, ಇದಕ್ಕ ಏನರ ಹಚ್ಚಿದ್ರೇನು?’

‘ಇಲ್ಲವ್ವಾ. ಧೂಳಿರಬೇಕು. ನಮ್ಮ ಕೋಣಿ ಭಾಳ ಧೂಳು’ ಎಂದೆ.

ಅವಳು ನನ್ನ ಹಣೆ ನೋಡಿದಳು. ಬೆಳಿಗ್ಗೆ ಇಟ್ಟ ವಿಭೂತಿಯ ಮೂರು ಗೆರೆ ಅಲ್ಲಿದ್ದವು. ಪಟ್ಟಿಯನ್ನು ಪರೀಕ್ಷೆಯ ಯಂತ್ರಕ್ಕೆ ಹಾಕಿ, ಚಹಾ ತರಿಸಿದಳು. ನಾನು ಕುಡಿದೆ. ಸಂಜೆಯವರೆಗೆ ಪರೀಕ್ಷೆ ನಡೆದರೂ ಒಂದೂ ತಪ್ಪು ಬರಲಿಲ್ಲ. ನಾನು ಹೊರಡುವಾಗ ಪಟ್ಟಿ ಕೊಡಲಿಲ್ಲ. ‘ಪಟ್ಟಿ ಛಲೋ ಐತಿ. ಖಾನಿ ನೋಡಾಕ ಹೇಳ್ರಿ ಆಕಿಗೆ. ಅಷ್ಟೇ ಹೇಳ್ರಿ’ ಎಂದಳು.

ನಾನು ಅಷ್ಟೇ ಹೇಳಿದೆ. ಅಷ್ಟರಲ್ಲಿ ತಂಗಿಯೂ ತಾನಾಗಿಯೇ ಅದೇ ತೀರ್ಮಾನಕ್ಕೆ ಬಂದಿದ್ದಳು. ಬೀರುವಿನಲ್ಲಿದ್ದ ಒಂದು ಹಳೆಯ ಪಟ್ಟಿಯನ್ನು ಮೂರನೇ ಖಾನೆಗೆ ಹಾಕಿ ನೋಡಿದ್ದಳು. ಪಟ್ಟಿ ಬೇರೆಯಾದರೂ ಎಣಿಕೆ ಅದೇ ಖಾನೆಯಲ್ಲಿ ಏರುತ್ತಿತ್ತು. ಕೆಟ್ಟಿದ್ದು ಪಟ್ಟಿಯಾಗಿದ್ದರೆ ತಪ್ಪು ಪಟ್ಟಿಯ ಹಿಂದೆಯೇ ಹೋಗಬೇಕಿತ್ತು. ಮಾರನೇ ದಿನ ಯಂತ್ರ ನಿಲ್ಲಿಸಿ, ಮುಚ್ಚಳ ತೆಗೆದು, ಮೊಬೈಲಿನ ಬೆಳಕು ಬಿಟ್ಟು ಖಾನೆಯೊಳಗೆ ನೋಡಿದಳು. ನಾನು ಬೆಳಕು ಹಿಡಿದುಕೊಂಡಿದ್ದೆ.

‘ಏನಿದು ಬೂದಿ ಇದ್ದಂಗ?’ ಎಂದು ಹತ್ತಿಯ ಕಡ್ಡಿ ಹಾಕಿ ತೆಗೆದಳು.

‘ವಿಭೂತಿ’ ಎಂದೆ. ಎಲ್ಲವನ್ನೂ ಹೇಳಿದೆ. ಎಲ್ಲವನ್ನೂ ಎಂದರೆ ಹಬ್ಬದ ದಿನದ್ದನ್ನು. ಹಗರಿಬೊಮ್ಮನಹಳ್ಳಿಯ ಮೇಜಿನ ಮೇಲೆ ಉದುರಿದ ಪುಡಿಯ ಮಾತು ಎತ್ತಲಿಲ್ಲ.

ಅವಳು ನನ್ನನ್ನೇ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ‘ನಿನ್ನ ಕರಡಿಗಿ ಅಂದ್ಕೊಂಡ್ಯೇನಲೇ ಅಣ್ಣಾ ಇದನ್ನ!’ ಎಂದು ನಕ್ಕುಬಿಟ್ಟಳು. ನಗುತ್ತಲೇ ವಿವರಿಸಿದಳು. ಪುಡಿ ಹಲ್ಲಿಗೂ ಖಾನೆಯ ಮುಳ್ಳಿಗೂ ನಡುವೆ ಸೇರಿಕೊಂಡಿತ್ತು. ಎಸಿ ಹಾಕಿ ಆರಿಸಿದಾಗ, ಕೋಣೆ ಬಿಸಿಯಾಗಿ ತಣ್ಣಗಾದಾಗ, ಅವು ಕೂದಲೆಳೆಯಷ್ಟು ಅಲುಗುತ್ತವೆ. ಕೆಲವು ಸಲ ತಾಗುತ್ತವೆ, ಕೆಲವು ಸಲ ತಾಗುವುದಿಲ್ಲ. ಅದಕ್ಕೇ ಗಡಿಯಾರಕ್ಕೂ ಇದಕ್ಕೂ ಸಂಬಂಧ ಇರಲಿಲ್ಲ. ಖಾನೆಗೆ ಗಾಳಿ ಊದಿ, ಸ್ಪಿರಿಟಿನಲ್ಲಿ ಅದ್ದಿದ ಬ್ರಷ್ಷಿನಿಂದ ತೊಳೆದು, ಒಣಗಲು ಬಿಟ್ಟು, ಮತ್ತೆ ಶುರು ಮಾಡಿದಳು. ಮಾಲೀಕರಿಗೆ ‘ಖಾನ್ಯಾಗ ಧೂಳಿತ್ತು ಸಾರ್’ ಎಂದಷ್ಟೇ ಹೇಳಿದಳು. ನನ್ನ ಹೆಸರು ತೆಗೆಯಲಿಲ್ಲ. ದಾವಣಗೆರೆಯ ಮಾತು ಅಲ್ಲಿಗೇ ನಿಂತಿತು.

ಎಣಿಕೆ ಸೊನ್ನೆಯಲ್ಲೇ ನಿಂತಿತು. ವಾಚ್‌ಡಾಗ್ ಮತ್ತೆ ಯಂತ್ರವನ್ನು ಎಬ್ಬಿಸಬೇಕಾಗಿ ಬರಲಿಲ್ಲ. ನಾನು ಪಾರಾದೆ ಅಂದುಕೊಂಡೆ.

ತಂಗಿ ಗೆಳತಿಗೆ ಫೋನು ಮಾಡಿ ತಪ್ಪಾಯಿತು ಎಂದಳು. ಅವಳು ‘ಇರಲಿ ಬಿಡು’ ಎಂದು ಇಟ್ಟಳಂತೆ. ಆಮೇಲೆ ಮಾಡಿದಾಗ ಎತ್ತಲಿಲ್ಲ. ತಂಗಿ ಊಟದ ಹೊತ್ತಿನಲ್ಲಿ ಫೋನು ಪಕ್ಕಕ್ಕಿಟ್ಟುಕೊಂಡು ಕೂರುತ್ತಿದ್ದಳು. ‘ಅಷ್ಟ್ ಸೊಕ್ಕೇನಣ್ಣಾ ಆಕಿಗೆ? ತಪ್ಪಾತು ಅಂದ ಮ್ಯಾಲೂ?’ ಎನ್ನುತ್ತಿದ್ದಳು. ನಾನು ಸಾರು ಬಡಿಸಿಕೊಳ್ಳುತ್ತಿದ್ದೆ. ಗೆಳತಿ ಯಾಕೆ ಫೋನು ಎತ್ತುತ್ತಿಲ್ಲ ಎಂದು ನಮ್ಮ ಮನೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ಅವಳು ಪುಡಿ ನೋಡಿದ್ದಾಳೆ, ನನ್ನ ಸುಳ್ಳು ಕೇಳಿದ್ದಾಳೆ. ಅಣ್ಣನ ತಪ್ಪು ಮುಚ್ಚಲು ತಂಗಿಯೇ ಈ ಸುಳ್ಳು ಹೇಳಿ ಕಳಿಸಿದ್ದಾಳೆ ಎಂದು ಅವಳು ತಿಳಿದಿರಬೇಕು. ಬೇರೆ ಯಾರಾದರೂ ಹಾಗೆಯೇ ತಿಳಿಯುತ್ತಿದ್ದರು.

ಸಂಕ್ರಾಂತಿ ಬಂತು. ಪ್ರತಿ ವರ್ಷ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಕಟ್ಟಿಕೊಂಡು ಅವರಿಬ್ಬರೂ ಹೊಳೆಗೆ ಹೋಗುತ್ತಿದ್ದರು. ಆ ಸಲ ತಂಗಿ ರೊಟ್ಟಿ ಬಡಿದಳು, ಕಟ್ಟಲಿಲ್ಲ. ‘ಎಲ್ಲಿಗೂ ಹೋಗಲ್ಲೇನು?’ ಎಂದು ಕೇಳಿದೆ. ‘ಯಾರ ಜೋಡಿ ಹೋಗ್ಲಿ?’ ಎಂದಳು. ಒಲೆಯ ಮುಂದೆಯೇ ನಿಂತು ಉಳಿದದ್ದನ್ನೂ ಹೇಳಿದೆ. ಪುಡಿ ಉದುರಿದ್ದು, ಗೆಳತಿ ಕೇಳಿದ್ದು, ನಾನು ಧೂಳು ಎಂದದ್ದು, ಅವಳು ನನ್ನ ಹಣೆ ನೋಡಿದ್ದು.

ಈ ಸಲ ತಂಗಿ ನಗಲಿಲ್ಲ. ಹೆಂಚಿನ ಮೇಲೆ ಸೀದಿದ್ದ ರೊಟ್ಟಿಯನ್ನು ಎತ್ತಿ ಪಕ್ಕಕ್ಕೆ ಹಾಕಿದಳು.

‘ವಿಭೂತಿ ಹಚ್ಚಿದ್ದು ನಿನಗ ಗೊತ್ತಿಲ್ದ ಆತು. ಇದು ಗೊತ್ತಿದ್ದೇ ಮಾಡಿದಿ. ನಾನು ಆಕಿಗೆ ಸುಳ್ಳಿ ಅಂದೆ. ಸುಳ್ಳ ಹೇಳಿದ್ದು ನಮ್ಮ ಮನಿಯವ.’

‘ಫೋನ್ ಮಾಡಿ ಹೇಳವ್ವಾ ಆಕಿಗೆ.’

‘ನಾನ್ಯಾಕ ಹೇಳ್ಲಿ? ನೀ ಹೋಗಿ ಹೇಳು.’

ಮಾರನೇ ದಿನ ಮತ್ತೆ ಅದೇ ಬಸ್ಸು ಹತ್ತಿದೆ. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅವರು ಹೋಗುವವರೆಗೆ ಕಾಯೋಣ ಅನ್ನಿಸಿತು. ಹಾಗೆ ಕಾಯುವುದೇ ನನ್ನ ರೋಗ ಎಂದುಕೊಂಡು ಅವರೆದುರೇ ಹೇಳಿದೆ. ಒಬ್ಬ ಗಿರಾಕಿ ಕಿಸಕ್ಕನೆ ನಕ್ಕ. ನಾನು ಇಷ್ಟು ದಿನ ಅಂಜಿದ್ದ ನಗು ಅದು. ಅದರಿಂದ ನನಗೇನೂ ಆಗಲಿಲ್ಲ.

ಗೆಳತಿ ಕೈಯಲ್ಲಿದ್ದ ಕೆಲಸ ನಿಲ್ಲಿಸಲಿಲ್ಲ. ‘ಆವತ್ತೇ ಗೊತ್ತಾಗಿತ್ತಣ್ಣಾ. ನಮ್ಮ ಮನ್ಯಾಗೂ ಬೆಳ್ಳಿ ವಿಭೂತಿ ಹಚ್ಚೇ ತಿಕ್ಕೋದು. ವಾಸನಿ ಗೊತ್ತಾಗಂಗಿಲ್ಲೇನು?’

‘ಮತ್ತ ಆಕಿಗೆ ಯಾಕ ಹೇಳ್ಲಿಲ್ಲವ್ವಾ?’

‘ನೀವು ಹೇಳ್ತೀರಿ ಅಂತ ಕಾದೆ. ಆಕಿ ಫೋನ್ ಮಾಡಿದಾಗ, ಖಾನ್ಯಾಗ ಧೂಳಿತ್ತು, ತಪ್ಪಾತು ಅಂದ್ಲು. ಧೂಳು ಅಂದ್ಲು. ನೀವಂದ ಮಾತೇ. ಇಬ್ಬರೂ ಕೂಡೇ ಮಾತಾಡ್ಕೊಂಡಾರ ಅಂತ ತಿಳ್ಕೊಂಡೆ.’

ಮಾಲೀಕರ ಮುಂದೆ ನನ್ನ ಮಾನ ಉಳಿಸಲು ತಂಗಿ ಧೂಳು ಎಂದಿದ್ದಳು. ಅದೇ ಮಾತು ಗೆಳತಿಯ ಹತ್ತಿರವೂ ಬಾಯಿಗೆ ಬಂದಿದೆ. ಅಲ್ಲಿಯೂ ಅವಳು ನನ್ನನ್ನೇ ಕಾಪಾಡಿದ್ದಳು. ಇದನ್ನು ನಾನು ಆ ಅಂಗಡಿಯಲ್ಲಿ ನಿಂತು ಮೊದಲ ಸಲ ತಿಳಿದುಕೊಂಡೆ. ಹೇಳಿದೆ. ಇಲ್ಲಿ ನಾನಾಡಿದ ಸುಳ್ಳು ಆಗ ತಂಗಿಗೆ ಗೊತ್ತೇ ಇರಲಿಲ್ಲ ಎಂದೂ ಹೇಳಿದೆ. ಗೆಳತಿ ಬ್ರಷ್ಷು ಕೆಳಗಿಟ್ಟಳು. ‘ರೊಟ್ಟಿ ಮಾಡ್ಯಾಳೇನು ಈ ಸಲ?’ ಎಂದು ಕೇಳಿದಳು.

‘ಮಾಡ್ಯಾಳ. ಕಟ್ಟಿಲ್ಲ.’

‘ಕಟ್ಟಾಕ ಹೇಳ್ರಿ. ನಾನ್ ಬರ್ತೀನೋ ಇಲ್ಲೋ ಗೊತ್ತಿಲ್ಲ. ಕಟ್ಟಾಕಂತೂ ಹೇಳ್ರಿ.’

ಅವಳು ಬಂದಳು, ಹಬ್ಬ ಕಳೆದು ಒಂದು ವಾರಕ್ಕೆ. ರೊಟ್ಟಿ ಮುರಿದರೆ ಪುಡಿಯಾಗುವಷ್ಟು ಒಣಗಿದ್ದವು. ಇಬ್ಬರೂ ನನ್ನನ್ನು ಕರೆಯದೆ ಹೊಳೆಗೆ ಹೋದರು. ಕರೆಯದೇ ಇದ್ದದ್ದು ಸರಿಯೇ. ನಾನು ಅಂಗಳದಲ್ಲಿ ಕೂತು ಕರಡಿಗೆ ಬಿಚ್ಚಿ ಮುಂದಿಟ್ಟುಕೊಂಡೆ. ಅದು ಕಪ್ಪಾಗಿತ್ತು. ವಿಭೂತಿ ಗಟ್ಟಿ ಕೈಯಲ್ಲಿತ್ತು. ತಿಕ್ಕಲು ಮನಸ್ಸಾಗದೆ ಹಾಗೆಯೇ ಕಟ್ಟಿಕೊಂಡು ಕೆಲಸಕ್ಕೆ ಹೋದೆ.